23 ಬುಲೆಟ್ಟು, 3 ನಿಮಿಷ

ಬುಲೆಟ್ ಪಾಯಿಂಟ್ ಅನ್ನೋದು ಈ ಕಾರ್ಪೊರೇಟ್ ಪ್ರಪಂಚ ನಮ್ಮಂಥೋರಿಗೆ ಅಂಟಿಸಿರೋ ಚಟ. ಸ್ಟೇಟಸ್ ರಿಪೋರ್ಟಿಗೆ ಬುಲೆಟ್ಟು, ಅಪ್ರೈಸಲ್ಲಿಗೆ ಬುಲೆಟ್ಟು, ಊರಿಗೆ ಹೊರಟಾಗ ಸೂಟ್‌ಕೇಸಿಗೆ ಏನೇನು ತುಂಬಬೇಕು ಅನ್ನೋದಕ್ಕೂ ಬುಲೆಟ್ಟು. ಹತ್ತು-ಹದಿನೈದು ವರ್ಷ ಹೀಗೇ ಬರೆದ ಮೇಲೆ ಜೊತೆಗೆ ಕೆಲಸ ಮಾಡಿದ ಮನುಷ್ಯರನ್ನೂ ನಾವು ಅದೇ ರೀತಿ ನೆನಪಿಟ್ಟುಕೊಳ್ಳೋಕೆ ಶುರು ಮಾಡ್ತೀವಿ ಅನ್ನೋದು ನನಗೆ ಸರಿಯಾಗಿ ಗೊತ್ತಾಗಿದ್ದು 2024ರ ಏಪ್ರಿಲ್‌ನಲ್ಲಿ, ನನ್ನ ಫೋನಿಗೆ ಮೂರು ವಾಟ್ಸ್ಯಾಪ್ ಮೆಸೇಜುಗಳಲ್ಲಿ ಒಟ್ಟು 23 ಬುಲೆಟ್ಟುಗಳು ಬಂದು ಬಿದ್ದಾಗ.

ಕಳಿಸಿದ್ದು ನನ್ನ ಹಳೇ ಸಹೋದ್ಯೋಗಿ. ಹುಬ್ಬಳ್ಳಿಯವರು. ಇಲ್ಲಿ ಹಾರ್ಟ್‌ಫರ್ಡಿನ ಇನ್ಶೂರೆನ್ಸ್ ಕಂಪನಿಯೊಂದರ ಮೇನ್‌ಫ್ರೇಮ್ ವಿಭಾಗದಲ್ಲಿ ನನ್ನ ಪಕ್ಕದ ಕ್ಯೂಬಿನಲ್ಲಿ ಒಂಬತ್ತು ವರ್ಷ ಕೂತು, 2016ರಲ್ಲಿ ನಾರ್ತ್ ಕ್ಯಾರೊಲೈನಾದ ಶಾರ್ಲಟ್ಟಿಗೆ ಹೋದರು. ರಿಟೈರ್ ಆಗ್ತಿದ್ದವರು ನಮ್ಮ ರಾತ್ರಿ ಪಾಳಿಯ ಹಿರಿಯ ಆಪರೇಟರು. 1986ರಲ್ಲಿ ಟೇಪು ಹಾಕೋ ಕೆಲಸಕ್ಕೆ ಸೇರಿ, 38 ವರ್ಷ ಅದೇ ಕಟ್ಟಡದಲ್ಲಿ ರಾತ್ರಿಗಳನ್ನ ಕಳೆದ ಕನೆಕ್ಟಿಕಟ್ಟಿನವರೇ ಆದ ಮನುಷ್ಯ. ತಲೆ ಬೇಗ ಬೆಳ್ಳಗಾಗಿದ್ದರಿಂದ ನಾವು ಕನ್ನಡದವರಿಬ್ಬರೂ ನಮ್ಮನಮ್ಮಲ್ಲೇ ಅವರನ್ನ 'ರಾತ್ರಿ ಅಜ್ಜ' ಅಂತ ಕರೀತಿದ್ವಿ, ಇಲ್ಲೂ ಹಾಗೇ ಕರೀತೀನಿ. ಮುಂದೆ ಬರೋ ಒಂದು ವಿಷಯ ಸ್ವಲ್ಪ ಸೂಕ್ಷ್ಮದ್ದು. ಇಬ್ಬರನ್ನೂ ಕೇಳಿ, ಇಬ್ಬರೂ ಒಪ್ಪಿದ ಮೇಲೆ, ಕೆಲವು ಗುರುತುಗಳನ್ನ ಬದಲಾಯಿಸಿ ಬರೀತಾ ಇದ್ದೀನಿ.

ಬೀಳ್ಕೊಡುಗೆಗೆ ಬರೋಕಾಗದ ಹಳಬರೆಲ್ಲ ವಿಡಿಯೋ ಕಳಿಸಬೇಕು, ಒಬ್ಬೊಬ್ಬರಿಗೆ ಮೂರು ನಿಮಿಷ ಅಂತ ಕಾರ್ಯಕ್ರಮ ನಡೆಸೋ ಹೆಂಗಸು ಈಮೇಲ್ ಮಾಡಿದ್ರು. ನಮ್ಮ ಹುಬ್ಬಳ್ಳಿ ಅಕ್ಕನಿಗೆ ಕೋಬಾಲ್ ಬರೆಯೋದು ನೀರು ಕುಡಿದ ಹಾಗೆ, ಭಾಷಣ ಅಂದ್ರೆ ಮಾತ್ರ ಕೈಕಾಲು ತಣ್ಣಗಾಗುತ್ತೆ. 'ನೀವು ಬ್ಲಾಗು ಗೀಗು ಬರೀತೀರಲ್ರೀ, ಇವನ್ನೆಲ್ಲಾ ಒಂದೀಟು ಜೋಡಿಸಿ ಕೊಡ್ರಿ. ಬರೇ ಜೋಡಿಸೂದಷ್ಟ ಕೆಲಸ' ಅಂದ್ರು.

ಬರೇ ಜೋಡಿಸೋದು! ಬಂದಿದ್ದರಲ್ಲಿ ಕೆಲವನ್ನ ಇದ್ದ ಹಾಗೇ ಇಲ್ಲಿ ಇಳಿಸ್ತೀನಿ, ನೋಡಿ:

- 38 ವರ್ಷ!!
- ವೆರಿ ಹೆಲ್ಪ್‌ಫುಲ್, ವೆರಿ ಹಂಬಲ್
- ಟೇಪ್ ಲೈಬ್ರರಿ ತೋರಿಸಿದ್ದು, ನನ್ನ ಮೊದಲ ವಾರ
- ವೈಟೂಕೆ ಕಥಿ (ನಾ ಆಗ ಇರಲಿಲ್ಲ)
- ಸ್ನೋ, ಸೂಪ್, ಸಾಕ್ಸ್
- ಖುರ್ಚಿ ಮ್ಯಾಲೆ ನಿದ್ದಿ, ಜೋಕ್ ಮಾಡಬಹುದು?
- ಶುಕ್ರವಾರ ಡೋನಟ್
- ಆ ರಾತ್ರಿ. ಫೋನಿನ್ಯಾಗ ಹೇಳ್ತೀನಿ

ನಾನು ಮೊದಲು ಮಾಡಿದ್ದು ಲೆಕ್ಕ. ಇಂಗ್ಲಿಷಿನಲ್ಲಿ ಸಲೀಸಾಗಿ ಮಾತಾಡೋರು ನಿಮಿಷಕ್ಕೆ ಸುಮಾರು 130 ಪದ ಆಡ್ತಾರೆ. ಮೂರು ನಿಮಿಷಕ್ಕೆ 390 ಆಯ್ತು. ಅದರಲ್ಲಿ ಉಸಿರು, ಒಂದೆರಡು ನಗು, ಗಂಟಲು ಕಟ್ಟಿದರೆ ಅದಕ್ಕೊಂದಿಷ್ಟು ಜಾಗ ಅಂತ ಕಳೆದರೆ 350 ಪದ. ಅಂದರೆ ಎ4 ಹಾಳೆಯ ಒಂದೇ ಮಗ್ಗುಲು, ಅದೂ ಪೂರ್ತಿ ಅಲ್ಲ. 23 ಬುಲೆಟ್ಟಿಗೂ ಸಮವಾಗಿ ಹಂಚಿದರೆ ತಲಾ 15 ಪದ ಬರುತ್ತೆ. 15 ಪದದಲ್ಲಿ ಯಾರ ಬಗ್ಗೆಯೂ ಏನೂ ಹೇಳೋಕಾಗಲ್ಲ, ಬುಲೆಟ್ಟನ್ನೇ ಇನ್ನೊಂದು ಸಲ ಹೇಳಬಹುದು ಅಷ್ಟೇ. ಇಂಥ ವಿಡಿಯೋಗಳಲ್ಲಿ ಮುಕ್ಕಾಲು ಪಾಲು ಹಾಳಾಗೋದು ಇಲ್ಲೇ. ಯಾವುದನ್ನೂ ಬಿಡೋಕೆ ಮನಸ್ಸು ಬರದೆ ಎಲ್ಲವನ್ನೂ ಒಂದೊಂದು ವಾಕ್ಯದಲ್ಲಿ ತುರುಕ್ತಾರೆ. ಕೇಳೋರಿಗೆ ರೈಲ್ವೆ ಸ್ಟೇಷನ್ನಿನ ಅನೌನ್ಸ್‌ಮೆಂಟ್ ಕೇಳಿದ ಹಾಗಾಗುತ್ತೆ.

ಆಮೇಲೆ ಬುಲೆಟ್ಟುಗಳನ್ನ ಮೂರು ಗುಂಪು ಮಾಡಿದೆ. ಗುಣವಿಶೇಷಣಗಳದ್ದು ಒಂದು: ಹೆಲ್ಪ್‌ಫುಲ್, ಹಂಬಲ್, ಡೆಡಿಕೇಟೆಡ್, ಹೀಗೆ ಏಳು. ಎರಡನೆಯದು ಬೇರೆಯವರು ಹೇಗೂ ಹೇಳೋ ಸಂಗತಿಗಳದ್ದು. 38 ವರ್ಷ ಅನ್ನೋದನ್ನ ವೈಸ್ ಪ್ರೆಸಿಡೆಂಟ್ ಹೇಳಿಯೇ ಹೇಳ್ತಾರೆ, ವೈಟೂಕೆ ರಾತ್ರಿ ಏನಾಯ್ತು ಅನ್ನೋದನ್ನ ಅಲ್ಲಿದ್ದವರು ಹೇಳ್ತಾರೆ, ಅಲ್ಲಿರದಿದ್ದ ಈಕೆ ಹೇಳೋದು ತಪ್ಪು ಕೂಡ. ಮೂರನೆಯದರಲ್ಲಿ ಉಳಿದಿದ್ದು ಘಟನೆಯ ವಾಸನೆ ಇದ್ದವು, ಹೆಚ್ಚೆಂದರೆ ಆರು. ಆಸಕ್ತಿಯ ವಿಷಯ ಏನಪ್ಪಾ ಅಂದ್ರೆ ಗುಣವಿಶೇಷಣದ ಬುಲೆಟ್ಟುಗಳು ಉದ್ದುದ್ದ, ಘಟನೆಯವು ಮಾತ್ರ ಎರಡೇ ಮೂರೇ ಪದದವು. 'ಸ್ನೋ, ಸೂಪ್, ಸಾಕ್ಸ್' ಅಂತ ಬರೆದವರಿಗೆ ಅಷ್ಟು ಸಾಕು, ಮಿಕ್ಕಿದ್ದೆಲ್ಲ ಅವರ ತಲೆಯಲ್ಲಿ ಸಿನಿಮಾದ ಹಾಗೆ ಓಡ್ತಾ ಇರುತ್ತೆ. ಬರೆಯೋದು ಕಡಿಮೆ ಆದಷ್ಟೂ ಒಳಗಡೆ ಜಾಸ್ತಿ ಇದೆ ಅಂತ ಲೆಕ್ಕ.

ಗುಣವಿಶೇಷಣಗಳನ್ನ ತೆಗೆದುಬಿಡೋಣ ಅಂದಿದ್ದಕ್ಕೆ ಆಕೆಗೆ ಬೇಜಾರಾಯ್ತು. 'ಹಂಗಂದ್ರ ಹ್ಯಾಂಗ್ರೀ, ಅವರು ಖರೇನ ಹಂಬಲ್ ಇದ್ದಾರ!' ಅಂದ್ರು. ಆಗ ನಾನು ನಮ್ಮೂರ ಕಡೆಯ ಬಿನ್ನವತ್ತಳೆ ನೆನಪು ಮಾಡಿದೆ. ನಿಮಗೆ ಗೊತ್ತಿರುತ್ತೆ, ಮೇಷ್ಟ್ರು ನಿವೃತ್ತರಾದಾಗ ಮೈಸೂರು ಪೇಟ ತೊಡಿಸಿ, ಶಾಲು ಹೊದೆಸಿ, ಫಲತಾಂಬೂಲ ಕೈಗಿಟ್ಟು, ಕಟ್ಟು ಹಾಕಿಸಿದ ಸನ್ಮಾನಪತ್ರವನ್ನ ಯಾರಾದರೂ ಗಟ್ಟಿ ದನಿಯಲ್ಲಿ ಓದ್ತಾರೆ. ಸರಳ ಸಜ್ಜನಿಕೆಯ ಸಾಕಾರಮೂರ್ತಿ, ಶಿಸ್ತಿನ ಸಿಪಾಯಿ, ವಿದ್ಯಾರ್ಥಿಗಳ ಕಣ್ಮಣಿ... ನನ್ನ ಸೋದರಮಾವ ರಿಟೈರಾದಾಗ ಓದಿದ್ದೂ ಅದೇ, ಎರಡು ವರ್ಷದ ನಂತರ ಪಕ್ಕದೂರಿನ ಹೆಡ್‌ಮಾಸ್ತರಿಗೆ ಓದಿದ್ದೂ ಅದೇ. ಹೆಸರು ಮಾತ್ರ ಬೇರೆ. ಅದಕ್ಕೆ ಅದರದೇ ಆದ ಮರ್ಯಾದೆ ಇದೆ, ಇಲ್ಲ ಅನ್ನಲ್ಲ. ಅದು ಊರು ಕೊಡೋ ಗೌರವ, ಊರಿನ ಭಾಷೆಯಲ್ಲೇ ಇರುತ್ತೆ. ಆದರೆ ಒಬ್ಬ ಸಹೋದ್ಯೋಗಿ ಇನ್ನೊಬ್ಬರಿಗೆ ಹೇಳೋ ಮಾತಿಗೆ ಒಂದು ಪರೀಕ್ಷೆ ಮಾಡಬಹುದು: ಈ ವಾಕ್ಯದಲ್ಲಿ ಹೆಸರು ತೆಗೆದು ಪಕ್ಕದ ಕ್ಯೂಬಿನವನ ಹೆಸರು ಹಾಕಿದರೂ ನಡೆಯುತ್ತಾ? ನಡೆಯುತ್ತೆ ಅಂದ್ರೆ ಅದು ಯಾರ ಬಗ್ಗೆಯೂ ಅಲ್ಲ. ಏಳು ಬುಲೆಟ್ಟೂ ಈ ಪರೀಕ್ಷೆಯಲ್ಲಿ ಫೇಲಾದವು. ನಾನು ಅವನ್ನ ಎಸೆಯದೆ ಪಕ್ಕಕ್ಕೆ ಇಟ್ಟುಕೊಂಡೆ. ಆರಿಸಿದ ಘಟನೆ ಕೇಳಿದವರಿಗೆ 'ಹಂಬಲ್' ಅಂತ ತಾವಾಗೇ ಅನ್ನಿಸಿದರೆ ಘಟನೆ ಸರಿಯಾದದ್ದು ಅಂತ ನೋಡೋಕೆ.

ಭಾನುವಾರ ಬೆಳಿಗ್ಗೆ ಫೋನು. ರೆಕಾರ್ಡ್ ಮಾಡ್ಕೋತೀನಿ ಅಂತ ಕೇಳಿಯೇ ಮಾಡಿಕೊಂಡೆ, ಯಾಕಂದ್ರೆ ಅವರ ಬಾಯಲ್ಲಿ ಬಂದ ಪದಗಳೇ ನನಗೆ ಬೇಕಿದ್ದು. ಇಂಥ ಮಾತುಕತೆಯಲ್ಲಿ 'ಅವರ ಬಗ್ಗೆ ಹೇಳಿ' ಅಂತ ಕೇಳಬಾರದು. ಕೇಳಿದರೆ ಮತ್ತೆ ಹೆಲ್ಪ್‌ಫುಲ್, ಹಂಬಲ್ಲೇ ಬರೋದು. ಜಾಗ ಕೇಳಬೇಕು, ಕೈಯಲ್ಲಿ ಏನಿತ್ತು ಅಂತ ಕೇಳಬೇಕು, ಅವರು ಆಡಿದ ಮಾತು ಏನು, ಅದೇ ಪದಗಳಲ್ಲಿ ಹೇಳಿ ಅಂತ ಕೇಳಬೇಕು. 'ಸ್ನೋ ದಿನ ನೀವು ಎಲ್ಲಿ ನಿಂತಿದ್ರಿ?' ಅಂತ ಶುರು ಮಾಡಿದೆ.

'ಎಲ್ಲಿ ಅಂದ್ರ... ಮಷೀನ್ ರೂಮಿನ ಬಾಗ್ಲಾಗ್ರೀ. ಬೂಟಿನ್ಯಾಗ ನೀರು ಹೊಕ್ಕಿತ್ತು.'

ಅದು 2011ರ ಅಕ್ಟೋಬರ್ 29ರ ಹಿಮಪಾತ. ಆಕೆ 2010 ಅಂತ ಹೇಳ್ತಿದ್ರು, ನಾನು ತಡೆದು ತಾರೀಖು ನೋಡಿದೆ. ಇಲ್ಲಿದ್ದವರು ಯಾರೂ ಅದನ್ನ ಮರೆಯಲ್ಲ. ಹ್ಯಾಲೊವೀನಿಗೆ ಎರಡು ದಿನ ಮುಂಚೆ, ಮರದ ಮೇಲೆ ಇನ್ನೂ ಎಲೆಗಳಿದ್ದವು. ಒದ್ದೆ ಹಿಮ ಆ ಎಲೆಗಳ ಮೇಲೆ ಕೂತು, ಭಾರ ತಾಳದೆ ಕೊಂಬೆಗಳು ಮುರಿದು ತಂತಿಗಳ ಮೇಲೆ ಬಿದ್ದವು. ಕನೆಕ್ಟಿಕಟ್ ಒಂದರಲ್ಲೇ 8 ಲಕ್ಷಕ್ಕೂ ಹೆಚ್ಚು ಗ್ರಾಹಕರ ಕರೆಂಟು ಹೋಯ್ತು, ಎಷ್ಟೋ ಮನೆಗಳಿಗೆ ಅದು ವಾಪಸ್ ಬರೋಕೆ ಒಂದು ವಾರದ ಮೇಲಾಯ್ತು. ಆಕೆಗೆ ಆ ವಾರ ಆನ್-ಕಾಲ್. ಮನೆಯಲ್ಲಿ ಕರೆಂಟಿಲ್ಲ, ಇಂಟರ್ನೆಟ್ಟಿಲ್ಲ, ಲಾಗಿನ್ ಆಗೋಕೆ ದಾರಿ ಇಲ್ಲ. ನಮ್ಮ ಕಟ್ಟಡ ಡೀಸೆಲ್ ಜನರೇಟರಿನ ಮೇಲೆ ನಡೀತಿತ್ತು. ಗಂಡನ ಹತ್ತಿರ ಮಗು ಬಿಟ್ಟು ಆಕೆ ರಾತ್ರಿ ಆಫೀಸಿಗೆ ಬಂದ್ರು. ರಾತ್ರಿ ಅಜ್ಜ ಅಲ್ಲಿ ಆಗಲೇ ಎರಡನೇ ದಿನ, ಮನೆಗೇ ಹೋಗಿರಲಿಲ್ಲ.

'ಅವರು ಏನಂದ್ರು?'

'ಏನೂ ಅನ್ನಲಿಲ್ರೀ. ನನ್ನ ಕಾಲು ನೋಡಿದ್ರು. ಡ್ರಾ ತಗದು ಉಣ್ಣೀ ಸಾಕ್ಸ್ ಕೊಟ್ರು, ಎರಡು ಜೋಡಿ. ಒಂದು ಈಗ, ಒಂದು ಮುಂಜಾನಿಗೆ ಅಂದ್ರು.'

ಒಂದು ಈಗ, ಒಂದು ಮುಂಜಾನಿಗೆ. ನಾನು ಪೆನ್ನು ಕೆಳಗಿಟ್ಟೆ. ಬರೆಯೋರಿಗೆ ಇಂಥ ವಾಕ್ಯ ಸಿಕ್ಕಾಗ ಮಿಕ್ಕಿದ್ದೆಲ್ಲ ಹಗುರ ಆಗಿಬಿಡುತ್ತೆ.

ಇನ್ನು ಸೂಪು. ಮಾರನೇ ದಿನ ಅವರ ಹೆಂಡತಿ ಒಂದು ದೊಡ್ಡ ಪಾತ್ರೆ ಸೂಪು ತಂದು ಕೊಟ್ಟರಂತೆ, 'ಥೇಟ್ ನಮ್ಮ ಬ್ಯಾಳಿ ಸಾರಿನಂಗ ಇತ್ರಿ, ಎರಡು ಬಟ್ಟಲ ಕುಡದೆ' ಅಂದ್ರು. ಇಲ್ಲಿ ನನಗೆ ಒಂದು ಸಂಶಯ ಬಂತು. ಇಲ್ಲಿಯವರು ಬೇಳೆಯ ಹಾಗೆ ಮಾಡೋ ಸೂಪು ಅಂದ್ರೆ ಸಾಮಾನ್ಯವಾಗಿ ಒಡೆದ ಬಟಾಣಿಯದ್ದು, ಸ್ಪ್ಲಿಟ್ ಪೀ. ಅದಕ್ಕೆ ರುಚಿ ಬರೋದೇ ಹಂದಿಮಾಂಸದ ಮೂಳೆ ಹಾಕಿ ಕುದಿಸೋದರಿಂದ. ಈಕೆ ಮೊಟ್ಟೆಯನ್ನೂ ಮುಟ್ಟದ ಮನೆಯವರು. ಎರಡು ಬಟ್ಟಲು ಹೇಗೆ ಕುಡಿದರು? ಆಕೆಗೆ ಅದು ಇಷ್ಟು ವರ್ಷ ಹೊಳೆದೇ ಇರಲಿಲ್ಲ. ಕಾರ್ಯಕ್ರಮ ನಡೆಸೋ ಹೆಂಗಸಿನ ಮೂಲಕ, ರಾತ್ರಿ ಅಜ್ಜನಿಗೆ ಗೊತ್ತಾಗದ ಹಾಗೆ, ಅವರ ಹೆಂಡತಿಯನ್ನ ವಿಚಾರಿಸಿದೆ. ಉತ್ತರ ಎರಡು ಸಾಲಿನದು. ಗಂಡ ಆ ಬೆಳಿಗ್ಗೆ ಮನೆಯ ಹಳೇ ಲ್ಯಾಂಡ್‌ಲೈನಿಗೆ ಫೋನ್ ಮಾಡಿ, ಒಬ್ಬ ಹುಡುಗಿ ಇಲ್ಲಿ ಊಟ ಮಾಡದೆ ಕೂತಿದ್ದಾಳೆ, ಮಾಂಸ ಹಾಕಬೇಡ ಅಂದಿದ್ದರಂತೆ. ಕರೆಂಟಿಲ್ಲದಿದ್ದರೂ ಅವರದ್ದು ಗ್ಯಾಸ್ ಒಲೆ, ಕಡ್ಡಿ ಗೀರಿ ಹಚ್ಚಿದರಂತೆ.

ಇದನ್ನ ಫೋನಲ್ಲಿ ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಸದ್ದೇ ಇಲ್ಲ. 'ನಾ ಒಮ್ಮೀನೂ ಅವರಿಗೆ ಹೇಳಿರಲಿಲ್ರೀ, ನಾ ತಿನ್ನಂಗಿಲ್ಲಾಂತ' ಅಂದ್ರು ಆಮೇಲೆ. ಶುಕ್ರವಾರದ ಡೋನಟ್ಟಿನ ಜೊತೆ ಬರ್ತಿದ್ದ ಹ್ಯಾಮ್ ಸ್ಯಾಂಡ್‌ವಿಚ್ಚನ್ನ ಆಕೆ ಪ್ರತಿ ವಾರ ಮುಟ್ಟದೆ ಬಿಡೋದನ್ನ ನೋಡಿ ತಿಳ್ಕೊಂಡಿದ್ದರು ಅಂತ ಕಾಣುತ್ತೆ. ನೋಡಿ, 'ಸೂಪ್' ಅನ್ನೋ ಒಂದು ಪದದ ಹಿಂದೆ ಇಷ್ಟಿತ್ತು. ಬರೆದವರಿಗೇ ಅದು ಗೊತ್ತಿರಲಿಲ್ಲ. ಬುಲೆಟ್ಟು ಬರೆದವರನ್ನ ಕೇಳಿದರೆ ಸಾಲದು, ಅದರೊಳಗೆ ಇದ್ದ ಇನ್ನೊಬ್ಬರನ್ನೂ ಕೇಳಬೇಕು ಅಂತ ನಾನು ಹೇಳೋದು ಇದಕ್ಕೇ. ತಾರೀಖು ಸರಿ ಮಾಡ್ಕೊಳ್ಳೋಕೆ ಅಂತ ಮಾಡೋ ವಿಚಾರಣೆಯಲ್ಲಿ ಕಥೆಯೇ ಸಿಕ್ಕಿಬಿಡಬಹುದು.

ಇನ್ನು 'ಆ ರಾತ್ರಿ'.

2009ರ ಫೆಬ್ರವರಿ. ಆಕೆ ಕೆಲಸಕ್ಕೆ ಸೇರಿ ಎರಡು ವರ್ಷ ಆಗ್ತಾ ಬಂದಿತ್ತು, ಎಚ್-1ಬಿ ವೀಸಾ. ಎಲ್ಲ ಕಡೆ ಲೇಆಫ್ ನಡೀತಿದ್ದ ಕಾಲ. ರಾತ್ರಿ ಎರಡು ಗಂಟೆಗೆ ಒಂದು ಜಾಬು `S0C7` ಅಂತ ಬಿತ್ತು. ಮೇನ್‌ಫ್ರೇಮ್ ಗೊತ್ತಿಲ್ಲದವರಿಗೆ: ಅಂಕಿ ಇರಬೇಕಾದ ಜಾಗದಲ್ಲಿ ಬೇರೇನೋ ಇದ್ದಾಗ ಪ್ರೋಗ್ರಾಮು ಹೀಗೆ ಮಗುಚಿಕೊಳ್ಳುತ್ತೆ, ನಮಗಿದು ನೆಗಡಿಯಷ್ಟು ಸಾಮಾನ್ಯ. ಆನ್-ಕಾಲ್ ಇದ್ದವರಿಗೆ ಪ್ರೊಡಕ್ಷನ್ ಫೈಲುಗಳ ಮೇಲೆ ಕೈಯಾಡಿಸೋಕೆ ತಾತ್ಕಾಲಿಕ ಅಧಿಕಾರ ಕೊಡ್ತಿದ್ರು. ಸರಿಪಡಿಸಿದ್ದನ್ನ ಮೊದಲು ಟೆಸ್ಟಿನಲ್ಲಿ ಓಡಿಸಿ ನೋಡಿ, ಆ ಟೆಸ್ಟ್ ಫೈಲನ್ನ ಅಳಿಸಬೇಕಿತ್ತು. ನಿದ್ದೆಗಣ್ಣು. `TEST` ಅಂತ ಶುರುವಾಗೋ ಹೆಸರಿನ ಬದಲು `PROD` ಅಂತ ಶುರುವಾಗೋದನ್ನ ಹೊಡೆದು ಎಂಟರ್ ಒತ್ತಿದ್ರು. ಕ್ಲೇಮುಗಳ ಆ ದಿನದ ಫೈಲು ಹೋಯ್ತು.

ಫೋನೆತ್ತಿ ರಾತ್ರಿ ಅಜ್ಜನಿಗೆ ಹೇಳಿದಾಗ ಅವರು ಕೇಳಿದ್ದು ಒಂದೇ, 'ಯಾವ ಜನರೇಶನ್?' ಇಂಥ ಫೈಲುಗಳಿಗೆ ಪ್ರತಿ ರಾತ್ರಿ ಕೊನೆಯಲ್ಲಿ ಒಂದೊಂದು ಹೊಸ ನಂಬರು ಬೀಳುತ್ತೆ, `G0212V00` ಅನ್ನೋ ಥರ. ನಂಬರು ಗೊತ್ತಿದ್ದರೆ ಬ್ಯಾಕಪ್ ಟೇಪಿನಿಂದ ಅದೊಂದನ್ನೇ ವಾಪಸ್ ತರಬಹುದು. ತಂದರು. ಆದರೆ ಬೆಳಿಗ್ಗೆ ಆರಕ್ಕೆ ತೆರೆಯಬೇಕಿದ್ದ ಆನ್‌ಲೈನ್ ತೆರೆದಿದ್ದು 7:40ಕ್ಕೆ. ಒಂಬತ್ತರ ಮೀಟಿಂಗಿನಲ್ಲಿ ಯಾಕೆ ತಡ ಅಂತ ಮ್ಯಾನೇಜರು ಕೇಳಿದಾಗ, ಪಾಳಿ ಮುಗಿದರೂ ಮನೆಗೆ ಹೋಗದೆ ಕಾದಿದ್ದ ಅವರು, 'ನನ್ನ ಶಿಫ್ಟಿನಲ್ಲಿ ಆಗಿದ್ದು, ನನ್ನನ್ನ ಕೇಳಿ' ಅಂದರಂತೆ. ಅವರಿಗೆ ಅಲ್ಲಿ ಆಗಲೇ 23 ವರ್ಷದ ಸರ್ವೀಸು, ಯಾರೂ ಮುಂದೆ ಕೇಳಲಿಲ್ಲ. ಇವತ್ತು ಎಚ್-1ಬಿಯವರಿಗೆ ಕೆಲಸ ಹೋದರೆ 60 ದಿನಗಳವರೆಗೆ ಗ್ರೇಸ್ ಪಿರಿಯಡ್ ಅಂತ ಒಂದಿದೆ, ಅದು ಬಂದಿದ್ದು 2017ರಲ್ಲಿ. 2009ರಲ್ಲಿ ಅದೂ ಇರಲಿಲ್ಲ. ಅಂದು ಕೆಲಸ ಹೋಗಿದ್ದರೆ ಸಂಸಾರ ಕಟ್ಟಿಕೊಂಡು ಊರಿಗೆ ಹೊರಡೋದೇ.

'ಇದನ್ನ ಹೇಳಬೇಕ್ರೀ ನಾನು. ಎಲ್ಲಾರ ಮುಂದ. ಇದನ್ನ ಬಿಟ್ಟು ಸಾಕ್ಸ್ ಕಥಿ ಏನ್ ಹೇಳೂದು?' ಅಂತ ಹಟ ಹಿಡಿದರು.

ಕಷ್ಟ ಇದ್ದಿದ್ದು ಇಲ್ಲೇ. ಅವರ ಮಟ್ಟಿಗೆ ಅದೇ ದೊಡ್ಡ ನೆನಪು, ಒಪ್ಪಿದೆ. ಆದರೆ ಅದು ಆಕೆಯೊಬ್ಬರದೇ ಅಲ್ಲವಲ್ಲ, ಅರ್ಧ ಅವರದ್ದು. ತಮ್ಮ ಮೇಲಧಿಕಾರಿಗಳಿಗೆ 15 ವರ್ಷ ಹೇಳದೇ ಇಟ್ಟುಕೊಂಡಿದ್ದನ್ನ ಅವರ ಕೊನೆಯ ದಿನ, ಅವರ ಹೆಂಡತಿ ಮಕ್ಕಳು, ವೈಸ್ ಪ್ರೆಸಿಡೆಂಟು ಎಲ್ಲ ಕೂತಿರೋ ಹಾಲಿನ ದೊಡ್ಡ ಪರದೆ ಮೇಲೆ, ಅವರನ್ನ ಕೇಳದೆ ಬಿಚ್ಚೋದು ಕೃತಜ್ಞತೆ ಅಂತ ನನಗೆ ಅನ್ನಿಸಲಿಲ್ಲ. ವೇದಿಕೆ ಮೇಲೆ ಮಾತಾಡೋರು ಸಭೆಯ ಮುಖ ನೋಡಿ ಮಾತನ್ನ ಅರ್ಧಕ್ಕೆ ನಿಲ್ಲಿಸಬಹುದು, ವಿಡಿಯೋಗೆ ಆ ಸೌಕರ್ಯ ಇಲ್ಲ. ಕೇಳೋಣ ಅಂದ್ರೆ ವಿಡಿಯೋ ಗುಟ್ಟಿನದು. 'ನಿಮಗೆ ಮಾತ್ರ ಗೊತ್ತಿರೋ ಒಂದು ರಾತ್ರಿ' ಅಂತ ಅರ್ಧ ಹೇಳಿ ಬಿಡೋಣ ಅಂತ ಆಕೆ ಸೂಚಿಸಿದ್ರು. ಅದು ಇನ್ನೂ ಕೆಟ್ಟದ್ದು ಮಾರಾಯ್ರೆ! ಗುಟ್ಟಿದೆ ಅಂತ ಮೈಕಿನಲ್ಲಿ ಹೇಳಿದ ಹಾಗೆ. ಕಾಫಿ ಮೆಷಿನ್ ಹತ್ತಿರ ವಾರಗಟ್ಟಲೆ ಅದೇ ಮಾತಾಗುತ್ತೆ.

ಎರಡು ದಿನ ಹೀಗೇ ಎಳೆದಾಡಿದ್ವಿ. ಕೊನೆಗೆ ದಾರಿ ಸಿಕ್ಕಿದ್ದು ಅವರದೇ ಒಂದು ಮಾತಿನಲ್ಲಿ. 'ಆವತ್ತಿನಿಂದ ಇವತ್ತಿನತನಕ ನಾ ಏನರ ಅಳಸೂಮುಂದ ಫೈಲಿನ ಹೆಸರ ಬಾಯಿಬಿಟ್ಟು ಓದಿ ಆಮ್ಯಾಲೆ ಎಂಟರ್ ಒತ್ತೂದು, ನನ್ನ ಟೀಮಿನವರು ನಗ್ತಾರ' ಅಂದ್ರು. ಅದೇ ಸಾಕು ಅಂದೆ. ಕೇಳೋ ಇನ್ನೂರು ಜನಕ್ಕೆ ಅದು ಮೇನ್‌ಫ್ರೇಮಿನವರ ಒಂದು ಚಾಳಿ, ನಗ್ತಾರೆ. ಒಬ್ಬರಿಗೆ ಮಾತ್ರ ಅದು ಫೆಬ್ರವರಿಯ ಆ ರಾತ್ರಿ. ಮಿಕ್ಕಿದ್ದನ್ನೆಲ್ಲ ಕೈಯಲ್ಲಿ ಬರೆದು, ಕವರಿಗೆ ಹಾಕಿ, ಅವರ ಮನೆ ವಿಳಾಸಕ್ಕೆ ಪೋಸ್ಟ್ ಮಾಡೋದು ಅಂತ ಆಯ್ತು.

ಖುರ್ಚಿ ನಿದ್ದೆಯ ಜೋಕನ್ನ ಬೇಗನೇ ಬಿಟ್ವಿ. ರಾತ್ರಿ ಪಾಳಿಯವರು ನಿದ್ದೆ ಮಾಡ್ತಾರೆ ಅನ್ನೋದು ಹಗಲು ಪಾಳಿಯವರಿಗೆ ತಮಾಷೆ, ಅವರಿಗಲ್ಲ. ಹೆಂಡತಿಯನ್ನ ಪಕ್ಕದಲ್ಲಿ ಕೂರಿಸಿಕೊಂಡು ಅವರೇ ಹೇಳ್ಕೊಳ್ಳೋ ಜೋಕಾದರೆ ಇಡಬಹುದು, ಇಲ್ಲದಿದ್ದರೆ ಬೇಡ.

ಬರೆಯೋಕೆ ಕೂತಾಗ ಮೊದಲು ಮಾಡಿದ್ದು 'ಅವರು' ಅನ್ನೋದನ್ನ 'ನೀವು' ಮಾಡಿದ್ದು. ವೇದಿಕೆ ಮೇಲಿನ ಭಾಷಣ ಸಭೆಗೆ ಒಬ್ಬರ ಬಗ್ಗೆ ಹೇಳುತ್ತೆ. ವಿಡಿಯೋದಲ್ಲಿ ಮಾತಾಡೋರು ಒಂದೇ ಒಂದು ಲೆನ್ಸ್ ನೋಡಿ ಮಾತಾಡ್ತಾರೆ, ಅದರ ಹಿಂದೆ ಒಬ್ಬರೇ ಇರೋದು ವಾಸಿ. ನನ್ನ ಹೆಸರು ಇಂಥದು, ಈ ಶುಭಸಂದರ್ಭದಲ್ಲಿ ನನಗೆ ತುಂಬಾ ಸಂತೋಷ ಅನ್ನೋದೂ ಹೋಯ್ತು, ಹೆಸರನ್ನ ಪರದೆಯ ಕೆಳಗೆ ಬರೆದರಾಯ್ತು. ಇಂಗ್ಲಿಷಿನಲ್ಲಿ ಇದ್ದಿದ್ದರ ಜೀವಾಳವನ್ನ ಕನ್ನಡದಲ್ಲಿ ಹೇಳೋದಾದ್ರೆ ಹೀಗೆ:

'ನಿಮ್ಮ ಮೇಜಿನ ಕೆಳಗಿನ ಡ್ರಾ ಖಾಲಿ ಮಾಡಿದ್ರಾ? ಅದರೊಳಗೆ ಏನಿತ್ತು ಅಂತ ನನಗೆ ಗೊತ್ತು. ಟಾರ್ಚು, ಮೇಣದ ಬತ್ತಿ, ಉಣ್ಣೆ ಸಾಕ್ಸು. 2011ರ ಅಕ್ಟೋಬರಿನಲ್ಲಿ, ಊರಿಗೆಲ್ಲ ಕರೆಂಟು ಹೋದ ರಾತ್ರಿ, ನಾನು ಒದ್ದೆ ಬೂಟಿನಲ್ಲಿ ಮಷೀನ್ ರೂಮಿನ ಬಾಗಿಲಲ್ಲಿ ನಿಂತಿದ್ದೆ. ನೀವು ಎರಡು ಜೊತೆ ಕೊಟ್ರಿ. ಒಂದು ಈಗ, ಒಂದು ಬೆಳಿಗ್ಗೆಗೆ ಅಂದ್ರಿ. ಮಾರನೇ ದಿನ ಸೂಪು ಬಂತು. ಅದರಲ್ಲಿ ಹ್ಯಾಮ್ ಇರಲಿಲ್ಲ. ಯಾಕೆ ಇರಲಿಲ್ಲ ಅನ್ನೋದು ನನಗೆ ಗೊತ್ತಾಗಿದ್ದು ಹೋದ ವಾರ. ನಾನು ಏನು ತಿನ್ನಲ್ಲ ಅಂತ ನಿಮಗೆ ಯಾವತ್ತೂ ಹೇಳಿರಲಿಲ್ಲ. ನೀವು ನೋಡಿದ್ರಿ.'

ಇದರ ನಂತರ ಆ ಎಂಟರ್ ಒತ್ತೋ ಮಾತು, ಹೆಂಡತಿಗೆ ಒಂದು ವಂದನೆ, ಇನ್ನು ಮೇಲೆ ರಾತ್ರಿ ಮಲಗಿ ಅಂತ ಒಂದು ಸಾಲು. ಮುಗೀತು. ಎಣಿಸಿದರೆ ಇಂಗ್ಲಿಷಿನಲ್ಲಿ 338 ಪದ.

ಕಾಗದದ ಮೇಲೆ ಚೆನ್ನಾಗಿದ್ದಿದ್ದು ಬಾಯಲ್ಲಿ ಚೆನ್ನಾಗಿರಬೇಕು ಅಂತೇನಿಲ್ಲ. ಫೋನಲ್ಲಿ ಗಟ್ಟಿಯಾಗಿ ಓದಿಸಿದೆ. ಎಲ್ಲಿ ನಾಲಿಗೆ ತೊಡರಿತೋ ಅಲ್ಲೆಲ್ಲ ನನ್ನ ಪದ ಇತ್ತು, ಆಕೆಯದ್ದಲ್ಲ. ಯಾವುದೋ ಒಂದು ಕಡೆ 'ಇನ್‌ವ್ಯಾಲ್ಯುಬಲ್' ಅಂತ ಬಂದಿತ್ತು, ಜೀವಮಾನದಲ್ಲಿ ಆ ಪದ ಬಾಯಿಬಿಟ್ಟು ಅಂದಿಲ್ಲ ಅಂದ್ರು. ತೆಗೆದೆ. ಮೂವತ್ತು ಪದದ ವಾಕ್ಯಗಳನ್ನ ಮುರಿದು ಉಸಿರಿಗೊಂದು ಸಾಲು ಮಾಡಿ, ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಕೊಳ್ಳೋಕೆ ಹೇಳಿದೆ.

ರೆಕಾರ್ಡಿಂಗಿನ ಮೊದಲ ಪ್ರಯತ್ನ ಕಳಿಸಿದಾಗ ಮೂರು ತೊಂದರೆ ಕಾಣಿಸ್ತು. ಕಿಟಕಿ ಬೆನ್ನ ಹಿಂದೆ ಇತ್ತು, ಮುಖ ಕಪ್ಪು. ಕಾಗದ ಲ್ಯಾಪ್‌ಟಾಪಿನ ಪಕ್ಕದಲ್ಲಿತ್ತು, ಕಣ್ಣು ಎಡದಿಂದ ಬಲಕ್ಕೆ ಓಡೋದು ಎದ್ದು ಕಾಣ್ತಿತ್ತು. ಅಡುಗೆಮನೆಯಲ್ಲಿ ಮಾಡಿದ್ದರಿಂದ ಫ್ರಿಜ್ಜಿನ ಗುಂಯ್ ಸದ್ದು ಮಾತಿನ ಅಡಿಯಲ್ಲಿ ಉದ್ದಕ್ಕೂ ಇತ್ತು. ಕೊನೆಯದು ಫೋನಿನ ಸ್ಪೀಕರಿನಲ್ಲಿ ಗೊತ್ತೇ ಆಗಲ್ಲ, ಹೆಡ್‌ಫೋನ್ ಹಾಕಿ ಕೇಳಬೇಕು. ಹಾಲಿನ ದೊಡ್ಡ ಸ್ಪೀಕರಿನಲ್ಲಿ ಅದು ಮೋಟರ್ ಪಂಪಿನ ಹಾಗೆ ಕೇಳ್ಸುತ್ತೆ. ಎರಡನೇ ಸಲ ಮಲಗೋ ಕೋಣೆಯಲ್ಲಿ, ಕಿಟಕಿಗೆ ಮುಖ ಮಾಡಿ ಕೂತು, ಪುಸ್ತಕಗಳ ಮೇಲೆ ಫೋನನ್ನ ಅಡ್ಡಡ್ಡಲಾಗಿ ಕಣ್ಣಿನ ಎತ್ತರಕ್ಕೆ ಇಟ್ಟು, ಹಾಳೆಯನ್ನ ಲೆನ್ಸಿನ ಕೆಳಗೇ ಅಂಟಿಸಿಕೊಂಡ್ರು. ಹಾಸಿಗೆ, ಪರದೆ, ಬಟ್ಟೆ ಇರೋ ಕೋಣೆಯಲ್ಲಿ ಪ್ರತಿಧ್ವನಿ ಕಡಿಮೆ. ಒಂದೇ ಉಸಿರಿಗೆ ಬೇಡ, ಮೂರು ತುಂಡು ಮಾಡಿ, ಪ್ರತಿ ತುಂಡಿನ ಮೊದಲೂ ಕೊನೆಗೂ ಎರಡು ಸೆಕೆಂಡ್ ಸುಮ್ಮನೆ ಕೂತಿರಿ ಅಂದಿದ್ದೆ. ಆ ಮೌನ ಇದ್ದರೇನೇ ಕತ್ತರಿಸಿ ಜೋಡಿಸೋಕೆ ಆಗೋದು. ವಾಟ್ಸ್ಯಾಪಿನಲ್ಲಿ ಮಾಮೂಲಿಯಾಗಿ ಕಳಿಸಿದರೆ ಅದು ಚಿತ್ರವನ್ನ ಹಿಂಡಿ ಚಿಕ್ಕದು ಮಾಡುತ್ತೆ, ಹಾಗಾಗಿ ಡ್ರೈವಿಗೆ ಹಾಕಿ ಲಿಂಕ್ ಕಳಿಸಿದ್ರು.

'ನೀವು ನೋಡಿದ್ರಿ' ಅನ್ನೋ ಜಾಗದಲ್ಲಿ ಆಕೆಯ ದನಿ ಒಡೆದಿತ್ತು. ಇನ್ನೊಂದು ಟೇಕ್ ಕೊಡ್ತೀನಿ ಅಂದ್ರು. ಬೇಡ ಅಂದೆ. ಹಿನ್ನೆಲೆಗೆ ಪಿಯಾನೋ ಹಾಕೋಣ ಅಂತ ಕಾರ್ಯಕ್ರಮದವರು ಕೇಳಿದ್ದಕ್ಕೂ ಬೇಡ ಅಂದೆ. ನಾನು ಸೇರಿಸಿದ್ದು ಅಡಿಬರಹ ಮಾತ್ರ, ಅದೂ ಕೂತು ಕೈಯಾರೆ ಟೈಪ್ ಮಾಡಿದ್ದು. ರಾತ್ರಿ ಅಜ್ಜನಿಗೆ ಈಗ ಕಿವಿ ಸ್ವಲ್ಪ ಮಂದ. ಮಷೀನ್ ರೂಮಿನ ಫ್ಯಾನುಗಳ ಸದ್ದಿನಲ್ಲಿ ಅಷ್ಟು ವರ್ಷ ಕಳೆದ ಮನುಷ್ಯ. ಜೊತೆಗೆ ನಮ್ಮ ಹುಬ್ಬಳ್ಳಿ ಇಂಗ್ಲಿಷು ಬೇರೆ!

ಎಲ್ಲ ಸೇರಿ 2 ನಿಮಿಷ 51 ಸೆಕೆಂಡು.

ಜೂನಿನ ಒಂದು ಮಧ್ಯಾಹ್ನ ಕೆಫೆಟೇರಿಯಾದಲ್ಲಿ ಕಾರ್ಯಕ್ರಮ. ವಿಡಿಯೋಗಳು ಒಂಬತ್ತಿದ್ದವು, ಇದು ಆರನೆಯದು. ಡ್ರಾ ಅಂದಾಗ ಆಪರೇಷನ್ಸ್‌ನವರೆಲ್ಲ ನಕ್ಕರು, ಅವರೆಲ್ಲರಿಗೂ ಆ ಡ್ರಾ ಗೊತ್ತು. ಹ್ಯಾಮ್ ಇಲ್ಲದ ಸೂಪು ಅಂದಾಗ ಅವರ ಹೆಂಡತಿ ಗಂಡನ ತೋಳಿಗೆ ಮೆಲ್ಲಗೆ ಒಂದು ಏಟು ಕೊಟ್ರು. ಫೈಲಿನ ಹೆಸರು ಬಾಯಿಬಿಟ್ಟು ಓದ್ತೀನಿ ಅನ್ನೋ ಮಾತಿಗೆ ಇಡೀ ಹಾಲು ನಕ್ಕಿತು. ಅವರೊಬ್ಬರು ನಗಲಿಲ್ಲ, ಪರದೆ ನೋಡಿಕೊಂಡು ಒಂದು ಸಲ ತಲೆಯಾಡಿಸಿದ್ರು ಅಷ್ಟೇ.

ಆಮೇಲೆ ಕೇಕಿನ ಸಾಲಿನಲ್ಲಿ ನನ್ನ ಪಕ್ಕಕ್ಕೆ ಬಂದು ನಿಂತ್ರು. 'ಬರೆದಿದ್ದು ನೀನಂತೆ. ಆ ಎಂಟರ್ ಒತ್ತೋ ಮಾತು ನಿನ್ನದಾ, ಅವಳದಾ?' ಅಂತ ಕೇಳಿದ್ರು.

'ಅವರದೇ. ಒಂದು ಪದವೂ ಬದಲಾಯಿಸಿಲ್ಲ' ಅಂದೆ.

ಸ್ವಲ್ಪ ಹೊತ್ತು ಸುಮ್ಮನಿದ್ದು, ನನಗೆ ಕೇಳೋವಷ್ಟು ಮಾತ್ರ ದನಿಯಲ್ಲಿ ಆ ಫೈಲಿನ ಪೂರ್ತಿ ಹೆಸರು ಹೇಳಿದ್ರು, ಕೊನೆಯ ಜನರೇಶನ್ ನಂಬರಿನ ಸಮೇತ. ಆಮೇಲೆ ತಟ್ಟೆ ಮುಂದೆ ಚಾಚಿ, ಮೂಲೆಯ ತುಂಡು ಕೊಡಿ, ಕೆನೆ ಜಾಸ್ತಿ ಇರೋದು ಅಂದ್ರು.